ನಾಲ್ಕು ಪಾತ್ರೆ, ಒಂದೇ ಟೊಮ್ಯಾಟೊ ಗ್ರೇವಿ: ಯಾವುದರಲ್ಲಿ ಏನಾಗುತ್ತೆ?

ಯಾವ ಪಾತ್ರೆ ಸೇಫ್ ಅಂತ ಕೇಳಿದ್ರೆ ಒಬ್ಬರು ಕಬ್ಬಿಣ ಅಂತಾರೆ, ಒಬ್ಬರು ಮಣ್ಣು ಅಂತಾರೆ, ಅಲ್ಯೂಮಿನಿಯಂ ಅಂದ್ರೆ ವಿಷ ಅಂತಾರೆ, ನಾನ್‌ಸ್ಟಿಕ್ ಅಂದ್ರೆ ಕ್ಯಾನ್ಸರ್ ಅಂತಾರೆ. ಈ ಉತ್ತರಗಳಲ್ಲಿ ಎಲ್ಲರೂ ಒಂದು ಮಾತು ಬಿಟ್ಟುಬಿಡ್ತಾರೆ, ಆ ಪಾತ್ರೆಯಲ್ಲಿ ಏನು ಬೇಯಿಸ್ತೀರಾ, ಎಷ್ಟು ಹೊತ್ತು, ಎಷ್ಟು ಉರೀಲಿ ಅನ್ನೋದು. ಪಾತ್ರೆ ಸುಮ್ನೆ ಕಪಾಟಲ್ಲಿ ಕೂತಿದ್ರೆ ಯಾರಿಗೂ ಏನೂ ಮಾಡಲ್ಲ, ಅದಕ್ಕೆ ಹುಳಿ ತಾಗಿದಾಗ, ಇಲ್ಲಾ ಖಾಲಿ ಇದ್ದಾಗ ಬೆಂಕಿ ತಾಗಿದಾಗ ಕಥೆ ಶುರುವಾಗುತ್ತೆ.

ಅದಕ್ಕೇ ಇಲ್ಲಿ ಒಂದೇ ಅಡುಗೆ ತಗೊಂಡು ನಾಲ್ಕು ಪಾತ್ರೆಯಲ್ಲೂ ಬೇಯಿಸಿ ನೋಡೋಣ. ಅರ್ಧ ಕೆಜಿ ಟೊಮ್ಯಾಟೊ, ಸ್ವಲ್ಪ ಎಣ್ಣೆ, ಉಪ್ಪು, ಸಣ್ಣ ಉರೀಲಿ 40 ನಿಮಿಷ, ಆಮೇಲೆ ನಾವು ಸುಸ್ತಾಗಿ ಅದೇ ಪಾತ್ರೆಯಲ್ಲೇ ಮುಚ್ಚಿಟ್ಟು ಮಲಗಿಬಿಟ್ವಿ ಅಂದ್ಕೊಳ್ಳಿ. ಟೊಮ್ಯಾಟೊದ ಪಿಎಚ್ ಸಾಮಾನ್ಯವಾಗಿ 4.3ರಿಂದ 4.9ರ ಒಳಗೆ ಇರುತ್ತೆ, ಅಂದ್ರೆ ನಿಂಬೆಹಣ್ಣಿನಷ್ಟು ಖಡಕ್ ಹುಳಿ ಅಲ್ಲ, ಆದ್ರೆ ಲೋಹವನ್ನ ಕೆಣಕೋಕೆ ಸಾಕಾಗುವಷ್ಟು ಹುಳಿ.

ಮೊದಲು ಬೀಡು, ಅಂದ್ರೆ ಎರಕದ ಕಬ್ಬಿಣ. ಬೀಡಿನ ಬಾಣಲೆ ಮೇಲೆ ಕಾಣೋ ಕಪ್ಪು ಹೊಳಪು ಕಬ್ಬಿಣದ್ದಲ್ಲ, ಅದು ಎಣ್ಣೆಯದು. ತೆಳುವಾಗಿ ಸವರಿದ ಎಣ್ಣೆ ಜೋರು ಬಿಸಿಯಲ್ಲಿ ಗಟ್ಟಿಯಾಗಿ, ಪ್ಲಾಸ್ಟಿಕ್ ತರಹದ ಒಂದು ಪದರ ಆಗಿ ಕಬ್ಬಿಣಕ್ಕೆ ಕಚ್ಚಿಕೊಳ್ಳುತ್ತೆ, ಪಳಗಿಸೋದು ಅಂತೀವಲ್ಲ ಅದು ಇದೇ. ಈ ಪದರಕ್ಕೆ ಬಿಸಿಯ ಭಯ ಅಷ್ಟಾಗಿ ಇಲ್ಲ, ಹುಳಿಯ ಭಯ ಇದೆ. ನಮ್ಮ ಗ್ರೇವಿಯನ್ನ ಇದರಲ್ಲಿಟ್ರೆ ಮೊದಲ ಹತ್ತು ಹದಿನೈದು ನಿಮಿಷ ಏನೂ ಗೊತ್ತಾಗಲ್ಲ. ಆಮೇಲೆ ಹುಳಿ ನಿಧಾನಕ್ಕೆ ಪದರ ತಿನ್ನೋಕೆ ಶುರು ಮಾಡುತ್ತೆ, 40 ನಿಮಿಷ ಆದ್ಮೇಲೆ ಗ್ರೇವಿ ಬಣ್ಣ ಸ್ವಲ್ಪ ಮಂಕಾಗಿ ಕಂದು ಕಡೆ ತಿರುಗುತ್ತೆ, ಬಾಯಿಗೆ ಹಾಕಿದ್ರೆ ನಾಲಿಗೆ ಮೇಲೆ ರಕ್ತದ ರುಚಿಯಂತ ಒಂದು ಒಗರು ಉಳಿಯುತ್ತೆ. ನಾನು ಮೊದಲ ಸಲ ಹೀಗೆ ಮಾಡಿ ಬೆಳಿಗ್ಗೆ ಬಾಣಲೆ ತೊಳೆದಾಗ ತಳದಲ್ಲಿ ಅಂಗೈ ಅಗಲದ ಬೂದು ಕಲೆ ಇತ್ತು, ಬೆರಳು ಆಡಿಸಿದ್ರೆ ಸುತ್ತಲಿನ ಕಪ್ಪು ಭಾಗ ನುಣುಪಾಗಿ ಜಾರ್ತಿತ್ತು, ಆ ಬೂದು ಜಾಗ ಮಾತ್ರ ಉಪ್ಪುಕಾಗದದಂತೆ ತರಿತರಿ. ಮಧ್ಯಾಹ್ನದ ಹೊತ್ತಿಗೆ ಅಲ್ಲಿ ಕಿತ್ತಳೆ ಬಣ್ಣದ ತುಕ್ಕು ಬಂದಿತ್ತು.

ಹಾಗಂತ ಆ ಗ್ರೇವಿ ತಿಂದ್ರೆ ಅಪಾಯನಾ? ಹೆಚ್ಚಿನವರಿಗೆ ಇಲ್ಲ. ಬಿಟ್ಟುಕೊಂಡಿದ್ದು ಕಬ್ಬಿಣ, ಅದು ದೇಹಕ್ಕೆ ಬೇಕಾದ್ದೇ. 1986ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ ಟೊಮ್ಯಾಟೊ ಸಾಸ್ ತರಹದ ಹುಳಿ ಅಡುಗೆಯನ್ನ ಕಬ್ಬಿಣದ ಬಾಣಲೆಯಲ್ಲಿ ಮಾಡಿದಾಗ 100 ಗ್ರಾಂನಲ್ಲಿ ಒಂದು ಮಿಲಿಗ್ರಾಂಗೂ ಕಡಿಮೆ ಇದ್ದ ಕಬ್ಬಿಣ ಐದು ಮಿಲಿಗ್ರಾಂ ದಾಟಿತ್ತು. ಹುಳಿ ಇಲ್ಲದ, ಬೇಗ ಬೇಯೋ ಅಡುಗೆಯಲ್ಲಿ ಇಷ್ಟು ಏರಲ್ಲ, ಹೊಸ ಪಾತ್ರೆ ಜಾಸ್ತಿ ಬಿಡುತ್ತೆ, ಚೆನ್ನಾಗಿ ಪಳಗಿದ್ದು ಕಡಿಮೆ ಬಿಡುತ್ತೆ. ರಕ್ತಹೀನತೆ ಇರೋರಿಗೆ ಇದು ಒಂದಷ್ಟು ಸಹಾಯ, ಆದ್ರೆ ಡಾಕ್ಟರ್ ಕೊಟ್ಟ ಮಾತ್ರೆಗೆ ಬದಲಿ ಅಂತ ದಯವಿಟ್ಟು ತಿಳ್ಕೋಬೇಡಿ, ಪಾತ್ರೆಯಿಂದ ಬರೋ ಕಬ್ಬಿಣದಲ್ಲಿ ದೇಹ ಹೀರಿಕೊಳ್ಳೋದು ಸ್ವಲ್ಪ ಭಾಗ ಮಾತ್ರ. ಇನ್ನೊಂದು ಕಡೆ ಥಲಸ್ಸೀಮಿಯಾ ಇರೋರು, ಹಿಮೋಕ್ರೊಮಾಟೋಸಿಸ್ ಅನ್ನೋ ಕಬ್ಬಿಣ ಶೇಖರವಾಗೋ ಕಾಯಿಲೆ ಇರೋರು ಬೀಡಿನಲ್ಲಿ ಹುಳಿ ಬೇಯಿಸೋಕೆ ಮುಂಚೆ ಡಾಕ್ಟರ್ ಹತ್ರ ಕೇಳಲೇಬೇಕು, ಯಾಕಂದ್ರೆ ಅವರಿಗೆ ಇದೇ ಒಳ್ಳೇ ಗುಣ ತೊಂದರೆ.

ಕೆಟ್ಟ ಬಾಣಲೆ ಸರಿ ಮಾಡೋದು ಕಷ್ಟ ಅಲ್ಲ. ತುಕ್ಕನ್ನ ಸ್ಟೀಲ್ ಜುಂಗಲ್ಲಿ ಉಜ್ಜಿ ತೆಗೆದು, ತೊಳೆದು, ಒಲೆ ಮೇಲಿಟ್ಟು ನೀರಿನ ಪಸೆ ಪೂರ್ತಿ ಆರಿಸಿ, ಅಡುಗೆ ಎಣ್ಣೆ ಸವರಿ, ಆಮೇಲೆ ಇದೇ ಮುಖ್ಯ, ಆ ಎಣ್ಣೆನ ತಪ್ಪಾಗಿ ಹಚ್ಚಿಬಿಟ್ಟಿದ್ದೀವಿ ಅನ್ನೋ ಹಾಗೆ ಒಣ ಬಟ್ಟೆಯಲ್ಲಿ ಪೂರ್ತಿ ಒರೆಸಿ ತೆಗೀಬೇಕು. ಕಣ್ಣಿಗೆ ಕಾಣದಷ್ಟು ಉಳಿದ್ರೆ ಸಾಕು, ಜಾಸ್ತಿ ಉಳಿದ್ರೆ ಅಂಟಂಟು ಆಗುತ್ತೆ, ಎಷ್ಟೋ ಜನರ ಬಾಣಲೆ ಜಿಗುಟಾಗಿ ಹಾಳಾಗೋದು ಇಲ್ಲೇ. ಅವನ್ ಇದ್ರೆ 230 ಡಿಗ್ರಿ ಹತ್ರ ಬೋರಲಾಗಿ ಒಂದು ಗಂಟೆ, ಇಲ್ಲಾಂದ್ರೆ ಒಲೆ ಮೇಲೆ ಸಣ್ಣ ಹೊಗೆ ಬಂದು ನಿಲ್ಲೋವರೆಗೆ, ಹೀಗೆ ಮೂರು ನಾಲ್ಕು ಸುತ್ತು. ಸೋಪ್ ತಾಗಿಸಲೇಬಾರದು ಅನ್ನೋದು ಹಳೇ ಮಾತು, ಈಗಿನ ಪಾತ್ರೆ ತೊಳೆಯೋ ಲಿಕ್ವಿಡ್ ಒಂದೆರಡು ಹನಿ ಹಾಕಿದ್ರೆ ಪಳಗಿದ ಪದರಕ್ಕೆ ಏನೂ ಆಗಲ್ಲ, ನೆನೆಸಿಡೋದೇ ಅದಕ್ಕೆ ಶತ್ರು.

ಈಗ ಅಲ್ಯೂಮಿನಿಯಂ. ಇದನ್ನ ಬೈಯೋರು ಜಾಸ್ತಿ, ಆದ್ರೆ ಹಗುರ, ಬೇಗ ಕಾಯುತ್ತೆ, ಬೀಡಿಗಿಂತ ನಾಲ್ಕೈದು ಪಟ್ಟು ಸಲೀಸಾಗಿ ಶಾಖ ಹರಡುತ್ತೆ, ಅದಕ್ಕೇ ಮಧ್ಯದಲ್ಲಿ ಮಾತ್ರ ತಳ ಹಿಡಿಯೋದು ಕಡಿಮೆ. ಅಲ್ಯೂಮಿನಿಯಂ ಗಾಳಿ ತಾಗಿದ ಕೂಡಲೇ ಮೇಲೆ ಆಕ್ಸೈಡ್ ಪದರ ಕಟ್ಟಿಕೊಳ್ಳುತ್ತೆ, ಕೆಲವೇ ನ್ಯಾನೋಮೀಟರ್ ದಪ್ಪ, ಆದ್ರೆ ಗಟ್ಟಿ. ಪಿಎಚ್ ಸುಮಾರು 4ರಿಂದ 8.5ರವರೆಗೆ ಅದು ತಕ್ಕಮಟ್ಟಿಗೆ ಕಾಯುತ್ತೆ, ಅದಕ್ಕಿಂತ ಹುಳಿಯಾದ್ರೂ ಕರಗುತ್ತೆ, ಅದಕ್ಕಿಂತ ಕ್ಷಾರ ಆದ್ರೂ ಕರಗುತ್ತೆ. ನೀರು ಕಾಯಿಸೋದು, ಅಕ್ಕಿ, ಬೇಳೆ, ತರಕಾರಿ ಬೇಯಿಸೋದು ಇದರ ಮಧ್ಯದಲ್ಲಿ ಬೀಳೋ ಕೆಲಸಗಳು. ನಮ್ಮ ಟೊಮ್ಯಾಟೊ ಅಂಚಿನಲ್ಲಿದೆ, ಜೊತೆಗೆ ಉಪ್ಪು ಇದೆ, ಉಪ್ಪಿನ ಕ್ಲೋರೈಡ್ ಆ ಪದರವನ್ನ ಅಲ್ಲಲ್ಲಿ ಚುಚ್ಚುತ್ತೆ. 40 ನಿಮಿಷದ ಕುದಿತದಲ್ಲಿ ಒಂದಷ್ಟು ಅಲ್ಯೂಮಿನಿಯಂ ಗ್ರೇವಿಗೆ ಇಳಿಯುತ್ತೆ, ರಾತ್ರಿಯೆಲ್ಲಾ ಇಟ್ರೆ ಇನ್ನಷ್ಟು. ಹೀಗೇ ಇಟ್ಟು ಇಟ್ಟು ನನ್ನ ಹಳೇ ಪಾತ್ರೆಯೊಂದರ ತಳದಲ್ಲಿ ಸೂಜಿ ಮೊನೆಯಷ್ಟು ಚಿಕ್ಕ ಗುಳಿಗಳು ಬಿದ್ದಿದ್ವು, ಬೆಳಕಿಗೆ ಹಿಡಿದು ಓರೆ ಮಾಡಿದ್ರೆ ಮಾತ್ರ ಕಾಣೋವು, ಕೊನೆಗೆ ಒಂದು ದಿನ ಅದರಲ್ಲೊಂದರಿಂದ ನೀರು ಜಿನುಗಿ ಬರ್ನರ್ ಮೇಲೆ ಚುಂಯ್ ಅಂತು. ಆ ಗುಳಿಯಲ್ಲಿದ್ದ ಲೋಹ ಎಲ್ಲಿ ಹೋಯ್ತು ಅಂದ್ರೆ ಊಟದ ಜೊತೆ ಹೋಯ್ತು, ಬೇರೆ ದಾರಿ ಇಲ್ಲ.

ಹೊಟ್ಟೆಗೆ ಹೋದ್ರೆ ಏನಾಗುತ್ತೆ ಅನ್ನೋದನ್ನ ಸಮಾಧಾನವಾಗಿ ನೋಡಬೇಕು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಎಫ್‌ಎಒ ಜಂಟಿ ತಜ್ಞರ ಸಮಿತಿ 2011ರಲ್ಲಿ ವಾರಕ್ಕೆ ದೇಹತೂಕದ ಪ್ರತಿ ಕೆಜಿಗೆ 2 ಮಿಲಿಗ್ರಾಂವರೆಗೆ ಅಂತ ಮಿತಿ ಇಟ್ಟಿದೆ, ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2008ರಲ್ಲಿ ಇನ್ನೂ ಬಿಗಿಯಾಗಿ 1 ಮಿಲಿಗ್ರಾಂ ಅಂದಿದೆ. ಬಿಗಿಯಾದ್ದನ್ನೇ ತಗೊಂಡ್ರೂ 60 ಕೆಜಿ ತೂಕದವರಿಗೆ ವಾರಕ್ಕೆ 60 ಮಿಲಿಗ್ರಾಂ ಆಯ್ತು, 15 ಕೆಜಿ ಮಗುವಿಗೆ 15 ಮಾತ್ರ, ಅದಕ್ಕೇ ಮಕ್ಕಳ ಅಡುಗೆ ವಿಷಯದಲ್ಲಿ ಹೆಚ್ಚು ಹುಷಾರಾಗಿರಬೇಕು. ತಿಂದಿದ್ದರಲ್ಲಿ ನೂರಕ್ಕೆ ಒಂದು ಪಾಲಿಗಿಂತ ಕಡಿಮೆ ಮಾತ್ರ ರಕ್ತಕ್ಕೆ ಸೇರುತ್ತೆ, ಅದನ್ನೂ ಆರೋಗ್ಯವಂತ ಕಿಡ್ನಿ ಹೊರಗೆ ಹಾಕುತ್ತೆ. ಕಿಡ್ನಿ ಕೆಲಸ ಮಾಡದೇ ಇರೋರಿಗೆ ಈ ದಾರಿ ಮುಚ್ಚಿರುತ್ತೆ, 1970ರ ದಶಕದಲ್ಲಿ ಡಯಾಲಿಸಿಸ್ ನೀರಲ್ಲಿದ್ದ ಅಲ್ಯೂಮಿನಿಯಂನಿಂದ ರೋಗಿಗಳ ಮಿದುಳಿಗೆ ಹಾನಿಯಾದದ್ದು ನಿಜ, ಹಾಗಾಗಿ ಕಿಡ್ನಿ ತೊಂದರೆ ಇರೋ ಮನೇಲಿ ಬರೀ ಅಲ್ಯೂಮಿನಿಯಂ ಪಾತ್ರೆಯಲ್ಲಿ ಹುಳಿ ಅಡುಗೆ ಬೇಡವೇ ಬೇಡ. ಆದ್ರೆ ಅಲ್ಯೂಮಿನಿಯಂ ಪಾತ್ರೆ ಬಳಸಿದ್ರೆ ಅಲ್ಝೈಮರ್ಸ್ ಬರುತ್ತೆ ಅನ್ನೋದು ಸಾಬೀತಾದ ಮಾತಲ್ಲ, 1965ರಲ್ಲಿ ಮೊಲಗಳ ಮಿದುಳಿಗೆ ಅಲ್ಯೂಮಿನಿಯಂ ಲವಣ ಚುಚ್ಚಿ ನಡೆಸಿದ ಪ್ರಯೋಗಗಳಿಂದ ಈ ಅನುಮಾನ ಹುಟ್ಟಿತು, ಪಾತ್ರೆಯೇ ಕಾರಣ ಅಂತ ತೋರಿಸೋ ಪುರಾವೆ ಇವತ್ತಿನವರೆಗೂ ಸಿಕ್ಕಿಲ್ಲ.

ನೀರು ಕಾಯಿಸಿ ಕಾಯಿಸಿ ಪಾತ್ರೆ ಒಳಗೆ ಕಪ್ಪಾದ್ರೆ ಹೆದರಬೇಡಿ, ಅದು ನೀರಿನ ಲವಣ ಸೇರಿ ಆಕ್ಸೈಡ್ ಪದರ ಬಣ್ಣ ಬದಲಿಸಿದ್ದು. ಹೊಳಪು ಬರಿಸಬೇಕು ಅಂತ ದಿನಾ ಉಜ್ಜಿ ಉಜ್ಜಿ ಅದನ್ನ ತೆಗೆಯೋದ್ರಿಂದ ಕಾಪಾಡೋ ಪದರವನ್ನೇ ತೆಗೆದ ಹಾಗಾಗುತ್ತೆ. ಹಾರ್ಡ್ ಅನೊಡೈಸ್ಡ್ ಅಂತ ಬರೋ ಕಡು ಬೂದು ಪಾತ್ರೆಗಳಲ್ಲಿ ಇದೇ ಪದರವನ್ನ ಕರೆಂಟ್ ಹಾಯಿಸಿ ಸಾವಿರಾರು ಪಟ್ಟು ದಪ್ಪ ಮಾಡಿರ್ತಾರೆ, ಅಲ್ಲಿ ಟೊಮ್ಯಾಟೊ ಗ್ರೇವಿ ಬೇಯಿಸಿದ್ರೆ ಲೋಹ ಇಳಿಯೋದು ತುಂಬಾ ಕಡಿಮೆ. ಹಣ ಕೊಡೋದೇ ಆದ್ರೆ ಇದಕ್ಕೆ ಕೊಡಿ ಅಂತ ನಾನು ಹೇಳ್ತೀನಿ.

ಅಲ್ಯೂಮಿನಿಯಂನಲ್ಲಿ ನನಗೆ ನಿಜವಾಗ್ಲೂ ಭಯ ಆಗೋದು ಅಲ್ಯೂಮಿನಿಯಂ ಬಗ್ಗೆ ಅಲ್ಲ, ಅದರ ಜೊತೆ ಬರೋ ಸೀಸದ ಬಗ್ಗೆ. ಹಳೇ ಎಂಜಿನ್ ಭಾಗ, ಗುಜರಿ ಸಾಮಾನು ಕರಗಿಸಿ ಎರಕ ಹೊಯ್ದ ಪಾತ್ರೆಗಳಲ್ಲಿ ಸೀಸ ಸೇರಿರಬಹುದು, ಅಮೆರಿಕದ ಎಫ್‌ಡಿಎ 2025ರಲ್ಲಿ ಕೆಲವು ಅಲ್ಯೂಮಿನಿಯಂ ಮಿಶ್ರಲೋಹ ಮತ್ತು ಹಿತ್ತಾಳೆ ಪಾತ್ರೆಗಳಿಂದ ಆಹಾರಕ್ಕೆ ಸೀಸ ಇಳಿಯುತ್ತೆ ಅಂತ ಎಚ್ಚರಿಕೆ ಕೊಟ್ಟಿದೆ. ಸೀಸಕ್ಕೆ ಇಷ್ಟರವರೆಗೆ ಪರವಾಗಿಲ್ಲ ಅನ್ನೋ ಮಿತಿಯೇ ಇಲ್ಲ, ಮಕ್ಕಳ ಮಿದುಳಿಗೆ ಅದು ನೇರ ಹೊಡೆತ. ಕಣ್ಣಲ್ಲಿ ನೋಡಿ, ತೂಕ ನೋಡಿ ಕಂಡುಹಿಡಿಯೋಕಾಗಲ್ಲ. ಯಾರು ಮಾಡಿದ್ದು, ಯಾವ ಲೋಹ, ಫುಡ್ ಗ್ರೇಡ್ ಹೌದಾ ಅನ್ನೋ ಗುರುತೇ ಇಲ್ಲದ ಎರಕದ ಪಾತ್ರೆಯನ್ನ ಅಡುಗೆಗೆ ತರದೇ ಇರೋದೇ ದಾರಿ.

ನಾನ್‌ಸ್ಟಿಕ್‌ಗೆ ಬಂದ್ರೆ ಲೆಕ್ಕ ಪೂರ್ತಿ ಉಲ್ಟಾ. ನಮ್ಮ ಗ್ರೇವಿ ಇದಕ್ಕೆ ಏನೂ ಮಾಡಲ್ಲ, 40 ನಿಮಿಷ ಅಲ್ಲ ನಾಲ್ಕು ಗಂಟೆ ಬೇಯಿಸಿದ್ರೂ ಪಿಟಿಎಫ್‌ಇ ಅನ್ನೋ ಆ ಲೇಪ ಹುಳಿಗೆ ಜಗ್ಗಲ್ಲ. 1938ರಲ್ಲಿ ರಾಯ್ ಪ್ಲಂಕೆಟ್ ಅನ್ನೋ ರಸಾಯನ ವಿಜ್ಞಾನಿಗೆ ಆಕಸ್ಮಿಕವಾಗಿ ಸಿಕ್ಕ ವಸ್ತು ಇದು, ಯಾವುದರ ಜೊತೆಗೂ ಸೇರದೇ ಇರೋದೇ ಅದರ ಗುಣ. ಅದಕ್ಕೇ ಒಂದು ಚೂರು ಲೇಪ ಕಿತ್ತು ಬಂದು ಹೊಟ್ಟೆಗೆ ಹೋದ್ರೂ ಜೀರ್ಣ ಆಗದೇ ಹಾಗೇ ಹೊರಗೆ ಹೋಗುತ್ತೆ. ಗೀರು ಬಿದ್ದ ಕೂಡಲೇ ವಿಷ ಅಂತ ಗಾಬರಿ ಆಗಬೇಕಿಲ್ಲ, ಆದ್ರೆ ಕಿತ್ತ ಜಾಗದಲ್ಲಿ ಕೆಳಗಿರೋದು ಸಾಮಾನ್ಯವಾಗಿ ಬರೀ ಅಲ್ಯೂಮಿನಿಯಂ, ಅಂಟದೇ ಇರೋ ಗುಣವೂ ಹೋಗಿರುತ್ತೆ, ಸಿಪ್ಪೆ ಏಳ್ತಾ ಇದ್ರೆ ಬಿಸಾಕಿ.

ಇದರ ಶತ್ರು ಖಾಲಿ ಬಿಸಿ. ಸುಮಾರು 260 ಡಿಗ್ರಿ ಸೆಲ್ಸಿಯಸ್‌ವರೆಗೆ ಲೇಪ ಗಟ್ಟಿ, ಅದರಾಚೆ ಕೆಡೋಕೆ ಶುರು, 327ರಲ್ಲಿ ಕರಗುತ್ತೆ, 350 ದಾಟಿದ್ರೆ ವಿಷದ ಹೊಗೆ. ಆ ಹೊಗೆ ಕುಡಿದ್ರೆ ಕೆಲವು ಗಂಟೆ ಬಿಟ್ಟು ಜ್ವರ, ಚಳಿ, ಎದೆ ಬಿಗಿತ, ಕೆಮ್ಮು ಬರುತ್ತೆ, ಫ್ಲೂ ಅಂತಾನೇ ಅನ್ನಿಸುತ್ತೆ, ಪಾಲಿಮರ್ ಫ್ಯೂಮ್ ಫೀವರ್ ಅಂತಾರೆ. ಸಾಕಿದ ಗಿಳಿ, ಹಕ್ಕಿಗಳು ಇದೇ ಹೊಗೆಯಲ್ಲಿ ನಿಮಿಷಗಳಲ್ಲಿ ಸತ್ತ ಉದಾಹರಣೆಗಳಿವೆ, ಹಕ್ಕಿ ಸಾಕಿರೋ ಮನೆಯವರು ಅಡುಗೆಮನೇಲಿ ನಾನ್‌ಸ್ಟಿಕ್ ಇಟ್ಕೊಳ್ಳದೇ ಇರೋದೇ ಒಳ್ಳೇದು.

ಅಷ್ಟು ಬಿಸಿ ಮನೇಲಿ ಎಲ್ಲಾಗುತ್ತೆ ಅಂತೀರಾ? ಒಳಗೆ ಗ್ರೇವಿ ಇದ್ದಷ್ಟು ಹೊತ್ತೂ ಆಗಲ್ಲ, ನೀರಿರೋ ಅಡುಗೆ 100 ಡಿಗ್ರಿ ಹತ್ರವೇ ನಿಂತಿರುತ್ತೆ. ಎಣ್ಣೆ ಇದ್ರೆ ಅದೂ ಒಂದು ಕಾವಲುಗಾರ, ರಿಫೈನ್ಡ್ ಎಣ್ಣೆಗಳು ಹೆಚ್ಚುಕಮ್ಮಿ 230 ಡಿಗ್ರಿಗೆ ಹೊಗೆಯಾಡೋಕೆ ಶುರು ಮಾಡ್ತವೆ, ಅಂದ್ರೆ ಲೇಪ ಕೆಡೋಕೆ ಮುಂಚೆನೇ ಎಣ್ಣೆ ಕೂಗಿ ಹೇಳುತ್ತೆ. ಖಾಲಿ ಪ್ಯಾನ್‌ಗೆ ಈ ಎರಡೂ ಇಲ್ಲ. ಜೋರು ಉರೀಲಿಟ್ಟು ಫೋನ್ ಬಂತು ಅಂತ ಆಚೆ ಹೋದ್ರೆ ಕೆಲವೇ ನಿಮಿಷದಲ್ಲಿ 300 ದಾಟಬಹುದು, ತೆಳು ಪ್ಯಾನ್ ಇನ್ನೂ ಬೇಗ. ಅದಕ್ಕೇ ಒಲೆ ಹಚ್ಚೋ ಮುಂಚೆ ಎಣ್ಣೆ ಹಾಕಿ, ಉರಿ ಮಧ್ಯಮಕ್ಕಿಂತ ಮೇಲೆ ಏರಿಸಬೇಡಿ, ಕಾಳು ಹುರಿಯೋದು, ಮಾಂಸ ಜೋರು ಉರೀಲಿ ಕಂದಿಸೋದು ಇದರಲ್ಲಿ ಬೇಡ, ಅದು ಬೀಡಿನ ಕೆಲಸ.

ಕ್ಯಾನ್ಸರ್ ಮಾತು ಎಲ್ಲಿಂದ ಬಂತು ಅಂದ್ರೆ ಪಿಎಫ್‌ಒಎ ಅನ್ನೋ ಬೇರೆ ರಾಸಾಯನಿಕದಿಂದ. ಅದು ಲೇಪ ಅಲ್ಲ, ಲೇಪ ತಯಾರಿಸುವಾಗ ಬಳಸ್ತಿದ್ದದ್ದು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2023ರಲ್ಲಿ ಅದನ್ನ ಮನುಷ್ಯರಿಗೆ ಕ್ಯಾನ್ಸರ್ ತರೋ ಮೊದಲ ಗುಂಪಿಗೆ ಸೇರಿಸಿದೆ, 2019ರಲ್ಲೇ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧದ ಪಟ್ಟಿಗೂ ಸೇರಿತ್ತು. ತಯಾರಾದ ಪ್ಯಾನ್‌ನಲ್ಲಿ ಅದು ಉಳಿಯೋದು ಅತ್ಯಲ್ಪ, ದೊಡ್ಡ ಪೆಟ್ಟು ಬಿದ್ದದ್ದು ಕಾರ್ಖಾನೆ ಸುತ್ತಲಿನ ನೀರಿಗೆ, ಅಲ್ಲಿನ ಜನಕ್ಕೆ. ಡಬ್ಬದ ಮೇಲೆ ಪಿಎಫ್‌ಒಎ ಫ್ರೀ ಅಂತ ಬರೆದಿದ್ರೆ ಲೇಪ ಬೇರೆ ಅಂತಲ್ಲ, ಪಿಟಿಎಫ್‌ಇ ಇದ್ದೇ ಇರಬಹುದು, ಬಿಸಿಯ ನಿಯಮ ಅದೇ. ಸೆರಾಮಿಕ್ ಲೇಪದ್ದು ಸಿಲಿಕಾ ಆಧಾರದ್ದು, ಇಂಥ ಹೊಗೆಯ ಭಯ ಅದಕ್ಕಿಲ್ಲ, ಆದ್ರೆ ಅಂಟದ ಗುಣ ಬೇಗ ಕಳ್ಕೊಳ್ಳುತ್ತೆ.

ಕೊನೆಗೆ ಮಣ್ಣು. ಇದರ ಬಗ್ಗೆ ಜನಕ್ಕೆ ಇರೋ ನಂಬಿಕೆ ಎಷ್ಟು ಗಟ್ಟಿ ಅಂದ್ರೆ ಯಾರೂ ಪ್ರಶ್ನೆನೇ ಕೇಳಲ್ಲ, ನನ್ನ ಪ್ರಕಾರ ಈ ನಾಲ್ಕರಲ್ಲಿ ಅತಿ ಹೆಚ್ಚು ಪ್ರಶ್ನೆ ಕೇಳಬೇಕಾದ್ದು ಇದನ್ನೇ. ಮಣ್ಣಿನ ಪಾತ್ರೆ ಅಂದ್ರೆ ಎರಡು ಬೇರೆ ಬೇರೆ ವಸ್ತು. ಗ್ಲೇಜ್ ಇಲ್ಲದ ಬರೀ ಸುಟ್ಟ ಮಣ್ಣು ಒಂದು, ಒಳಗೆ ಗಾಜಿನಂತೆ ಹೊಳೆಯೋ ಗ್ಲೇಜ್ ಇರೋದು ಇನ್ನೊಂದು.

ಬರೀ ಮಣ್ಣಿನದ್ದರಲ್ಲಿ ನಮ್ಮ ಗ್ರೇವಿ ಚೆನ್ನಾಗೇ ಬೇಯುತ್ತೆ. ಸುಟ್ಟ ಮಣ್ಣು ಟೊಮ್ಯಾಟೊ ಹುಳಿಗೆ ಅಷ್ಟಾಗಿ ಕರಗಲ್ಲ. ಮಣ್ಣು ಕ್ಷಾರೀಯ, ಹುಳಿನ ಸಮ ಮಾಡುತ್ತೆ ಅಂತ ಓದಿರ್ತೀರಿ, ಗ್ರೇವಿಯ ಹುಳಿಯನ್ನೆಲ್ಲಾ ಕೊಲ್ಲಬೇಕಾದ್ರೆ ಪಾತ್ರೆ ಗೋಡೆಯೇ ದಿನಾ ಕರಗಿ ಅಡುಗೆಗೆ ಬರಬೇಕಾಗುತ್ತೆ, ಹಾಗಾಗಲ್ಲ. ರುಚಿಗೆ ನಿಜವಾದ ಕಾರಣ ನಿಧಾನ. ಮಣ್ಣಿನಲ್ಲಿ ಶಾಖ ಮೆಲ್ಲಗೆ ಹರಿಯುತ್ತೆ, ಒಲೆ ಆರಿಸಿದ ಮೇಲೂ ಗ್ರೇವಿ ಒಂದಷ್ಟು ನಿಮಿಷ ಗುಳುಗುಳು ಅಂತಾನೇ ಇರುತ್ತೆ, ತಳ ಹಿಡಿಯೋದು ಕಡಿಮೆ. ಕಷ್ಟ ಇರೋದು ರಂಧ್ರಗಳಲ್ಲಿ, ಎಣ್ಣೆ, ಸೋಪು, ವಾಸನೆ ಎಲ್ಲಾ ಒಳಗೆ ಇಳಿಯುತ್ತೆ, ಒದ್ದೆ ಇರುವಾಗ ಮುಚ್ಚಿಟ್ರೆ ಎರಡೇ ದಿನಕ್ಕೆ ಬೂಷ್ಟು. ಸೋಪ್ ಬದಲು ಬಿಸಿನೀರು, ತೆಂಗಿನ ನಾರು ಸಾಕು, ಆಮೇಲೆ ಬೋರಲು ಹಾಕಿ ಪೂರ್ತಿ ಒಣಗಿಸಬೇಕು. ಹೊಸದನ್ನ ಒಂದು ದಿನ ನೀರಲ್ಲಿ ಮುಳುಗಿಸಿಟ್ಟು, ಆಮೇಲೆ ಗಂಜಿ ನೀರು ಹಾಕಿ ಸಣ್ಣ ಉರೀಲಿ ಕುದಿಸಿದ್ರೆ ಪಿಷ್ಟ ರಂಧ್ರಗಳಲ್ಲಿ ಕೂತು ಸೋರೋದು ಕಡಿಮೆಯಾಗುತ್ತೆ. ಬಿಸಿ ಪಾತ್ರೆಗೆ ತಣ್ಣೀರು ಸುರಿದ್ರೆ ಟಿಣ್ ಅಂತ ಬಿರುಕು ಬಿಡುತ್ತೆ. ಗೆಣ್ಣಿನಿಂದ ತಟ್ಟಿ ನೋಡಿ, ಗಂಟೆಯ ಹಾಗೆ ನಾದ ಬಂದ್ರೆ ಸರಿ, ಡಬ್ ಅಂದ್ರೆ ಎಲ್ಲೋ ಸೀಳು ಬಿಟ್ಟಿದೆ.

ಗ್ಲೇಜ್ ಇರೋದರಲ್ಲಿ ಸೀಸದ ವಿಷಯ ಮತ್ತೆ ಬರುತ್ತೆ. ಗ್ಲೇಜ್ ಅಂದ್ರೆ ಕರಗಿ ಹರಡಿದ ಗಾಜು, ಅದು ಕಡಿಮೆ ಬಿಸಿಯಲ್ಲೇ ಕರಗಲಿ, ಚೆನ್ನಾಗಿ ಹೊಳೆಯಲಿ ಅಂತ ಸೀಸದ ಆಕ್ಸೈಡ್ ಸೇರಿಸೋ ಪದ್ಧತಿ ಹಳೇದು, ಇವತ್ತಿಗೂ ಅಲ್ಲಲ್ಲಿ ಇದೆ. ಸರಿಯಾಗಿ ಸುಡದೇ ಇದ್ರೆ ಸೀಸ ಗಾಜಿನೊಳಗೆ ಗಟ್ಟಿಯಾಗಿ ಬಂಧಿ ಆಗಿರಲ್ಲ, ಹುಳಿ ಬಂದ ಕೂಡಲೇ ಹೊರಗೆ. ಈಗ ನಮ್ಮ ಗ್ರೇವಿ ನೆನಪಿಸಿಕೊಳ್ಳಿ, 40 ನಿಮಿಷ ಬಿಸಿ ಹುಳಿ, ಆಮೇಲೆ ರಾತ್ರಿಯೆಲ್ಲಾ. ಲ್ಯಾಬ್‌ನಲ್ಲಿ ಇಂಥ ಪಾತ್ರೆಗಳನ್ನ ಪರೀಕ್ಷೆ ಮಾಡೋದೂ ಹೆಚ್ಚುಕಮ್ಮಿ ಇದೇ ರೀತಿ, ಶೇಕಡಾ 4ರ ಅಸಿಟಿಕ್ ಆಮ್ಲ, ಅಂದ್ರೆ ವಿನೆಗರ್‌ನಷ್ಟೇ ಹುಳಿ ತುಂಬಿಸಿ 24 ಗಂಟೆ ಇಟ್ಟು ಎಷ್ಟು ಸೀಸ ಇಳಿದಿದೆ ಅಂತ ಅಳೀತಾರೆ. ಬೀಡಿನಲ್ಲಿ ಒಗರು ಬಂದು ಹೇಳ್ತು, ಅಲ್ಯೂಮಿನಿಯಂನಲ್ಲಿ ಗುಳಿ ಬಿದ್ದು ಹೇಳ್ತು, ಇಲ್ಲಿ ಯಾವ ಸೂಚನೆಯೂ ಇಲ್ಲ, ಬಣ್ಣ ಅದೇ, ರುಚಿ ಅದೇ.

ಮನೇಲಿ ಮಾಡಬಹುದಾದ ಮೊದಲ ಪರೀಕ್ಷೆ ಸುಲಭ. ಹೊಸ, ಒಣಗಿದ ಪಾತ್ರೆ ಒಳಗೆ ಒಂದು ಹನಿ ನೀರು ಬಿಡಿ. ಹನಿ ನಿಧಾನಕ್ಕೆ ಇಂಗಿ ಕಡು ಮಚ್ಚೆ ಉಳಿದ್ರೆ ಅದು ಬರೀ ಮಣ್ಣು, ಹನಿ ಮುತ್ತಿನ ಹಾಗೆ ಹಾಗೇ ನಿಂತ್ರೆ ಒಳಗೆ ಗ್ಲೇಜೋ ಪಾಲಿಶೋ ಬಣ್ಣವೋ ಏನೋ ಇದೆ. ಹಾಗಿದ್ರೆ ಅಡುಗೆಗೆ ಸೀಸರಹಿತ ಅಂತ ಪರೀಕ್ಷೆಯಾದ ದಾಖಲೆ ಇದೆಯಾ ಅಂತ ಮಾರೋರನ್ನ ಕೇಳಿ. ಅಂಗಡಿಯೊಂದರಲ್ಲಿ ನಾನು ಕೇಳಿದಾಗ ಇದೆಲ್ಲಾ ನೈಸರ್ಗಿಕ ಅಂದ್ರು, ಅದು ಉತ್ತರ ಅಲ್ಲ, ಸೀಸವೂ ನೈಸರ್ಗಿಕವೇ. ದಾಖಲೆ ಇಲ್ಲಾಂದ್ರೆ ಆ ಪಾತ್ರೆ ನೋಡೋಕೆ ಎಷ್ಟೇ ಚೆಂದ ಇದ್ರೂ ಹೂಗಿಡಕ್ಕೆ ಇರಲಿ. ಉಜ್ಜಿ ನೋಡೋ ಸ್ಟ್ರಿಪ್‌ಗಳು ಸಿಗ್ತವೆ, ಬಣ್ಣ ತಿರುಗಿದ್ರೆ ಪಾತ್ರೆ ಬಿಡಿ, ಆದ್ರೆ ತಿರುಗದೇ ಇದ್ರೆ ಸೀಸ ಇಲ್ಲವೇ ಇಲ್ಲ ಅಂತ ಅರ್ಥ ಅಲ್ಲ, ಕಡಿಮೆ ಪ್ರಮಾಣ ಅವಕ್ಕೆ ಸಿಗಲ್ಲ.

ನನ್ನ ಅಡುಗೆಮನೇಲಿ ಈಗ ಆ ಅರ್ಧ ಕೆಜಿ ಟೊಮ್ಯಾಟೊ ಗ್ಲೇಜ್ ಇಲ್ಲದ ಮಣ್ಣಿನ ಪಾತ್ರೆಯಲ್ಲಿ ಬೇಯುತ್ತೆ, ಅವಸರ ಇದ್ದ ದಿನ ಹಾರ್ಡ್ ಅನೊಡೈಸ್ಡ್‌ನಲ್ಲಿ. ಹುರಿಯೋದು, ಕಂದಿಸೋದು ಬೀಡಿನಲ್ಲಿ, ಮೊಟ್ಟೆ ಮಾತ್ರ ನಾನ್‌ಸ್ಟಿಕ್‌ನಲ್ಲಿ ಸಣ್ಣ ಉರೀಲಿ, ಸಾದಾ ಅಲ್ಯೂಮಿನಿಯಂ ನೀರಿಗೆ, ಅಕ್ಕಿಗೆ. ಮಲಗೋ ಮುಂಚೆ ಉಳಿದ ಗ್ರೇವಿ ಯಾವ ಪಾತ್ರೆಯಲ್ಲಿದ್ರೂ ಸ್ಟೀಲ್ ಡಬ್ಬಿಗೋ ಗಾಜಿನ ಬಟ್ಟಲಿಗೋ ಹೋಗಿ ಫ್ರಿಜ್ ಸೇರುತ್ತೆ, ಎಷ್ಟೇ ಸುಸ್ತಾಗಿದ್ರೂ.